ಡಿಸ್ಚಾರ್ಜ್ ಚೀಟಿಯ ಒಂದು ಪ್ಯಾರಾ, ಅಡುಗೆಮನೆ ಗೋಡೆಯ ಒಂದು ವೇಳಾಪಟ್ಟಿ: ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ರೋಗಿ ಅರವತ್ತು ದಾಟಿದ ಒಬ್ಬ ಗೃಹಿಣಿ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಪತಿಯೊಂದಿಗೆ ವಾಸ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಸಾಧ್ಯವಾದಾಗ ವಾರಾಂತ್ಯಕ್ಕೆ ಊರಿಗೆ ಬರುತ್ತಾನೆ. ಗುರುತು ಸಿಗಬಾರದೆಂಬ ಕಾರಣಕ್ಕೆ ಕುಟುಂಬದ ಕೆಲವು ವಿವರಗಳನ್ನೂ ತಾರೀಖುಗಳನ್ನೂ ಬದಲಿಸಿದ್ದೇನೆ. ಔಷಧಿಗಳು, ಪ್ರಮಾಣಗಳು ಮತ್ತು ಅವುಗಳ ನಡುವಿನ ಅಂತರಗಳು ಮಾತ್ರ ಇದ್ದಂತೆಯೇ ಇವೆ. ನಾನು ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವುದರಿಂದ ಈ ಕುಟುಂಬ ನನ್ನ ಬಳಿಗೆ ಬಂತು.

ಆಕೆಗೆ ಥೈರಾಯ್ಡ್, ಬಿಪಿ ಮತ್ತು ಸಕ್ಕರೆ ಕಾಯಿಲೆ ಹಲವು ವರ್ಷಗಳಿಂದ ಇದ್ದವು. ಅವುಗಳ ಮಾತ್ರೆಗಳು ಅಭ್ಯಾಸವಾಗಿ ಹೋಗಿದ್ದರಿಂದ ಯಾವ ಪಟ್ಟಿಯೂ ಬೇಕಾಗಿರಲಿಲ್ಲ. ಬೆರಳ ಗೆಣ್ಣುಗಳೂ ಮಣಿಕಟ್ಟುಗಳೂ ಊದಿಕೊಂಡು, ಬೆಳಿಗ್ಗೆ ಲೋಟ ಹಿಡಿಯುವುದೂ ಕಷ್ಟವಾದಾಗ ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ದಾಖಲಾದರು. ಅದು ರುಮಟಾಯ್ಡ್ ಸಂಧಿವಾತ ಎಂದು ತಿಳಿದುಬಂತು. ಜೂನ್ 4ರ ಬುಧವಾರ ಮನೆಗೆ ಕಳುಹಿಸುವಾಗ ಕೈಗಿತ್ತ ಡಿಸ್ಚಾರ್ಜ್ ಸಮ್ಮರಿಯ ಕೊನೆಯ ಪುಟದಲ್ಲಿ ಔಷಧಿಗಳ ವಿವರ ಇಂಗ್ಲಿಷಿನಲ್ಲಿ, ಒಂದೇ ಪ್ಯಾರಾದಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

“ಪ್ರೆಡ್ನಿಸೊಲೋನ್ 20 ಮಿ.ಗ್ರಾಂ. ದಿನಕ್ಕೊಮ್ಮೆ ಒಂದು ವಾರ, ಬಳಿಕ 15 ಮಿ.ಗ್ರಾಂ. ಒಂದು ವಾರ, ಬಳಿಕ 10 ಮಿ.ಗ್ರಾಂ. ಎರಡು ವಾರ, ಬಳಿಕ 5 ಮಿ.ಗ್ರಾಂ. ಮುಂದಿನ ಭೇಟಿಯವರೆಗೆ, ಆಹಾರದ ನಂತರ. ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ. ವಾರಕ್ಕೊಮ್ಮೆ ರಾತ್ರಿ, ಮರುದಿನ ಫೋಲಿಕ್ ಆಮ್ಲ 5 ಮಿ.ಗ್ರಾಂ. ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಆಹಾರಕ್ಕೆ ಮೊದಲು. ಕ್ಯಾಲ್ಸಿಯಂ 500 ಮಿ.ಗ್ರಾಂ. ದಿನಕ್ಕೊಮ್ಮೆ ಆಹಾರದ ನಂತರ. ನೋವಿದ್ದರೆ ಮಾತ್ರ ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಹಿಂದಿನ ಔಷಧಿಗಳನ್ನು ಮುಂದುವರಿಸುವುದು.”

ವೈದ್ಯಕೀಯ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಓದಬಲ್ಲ ಇನ್ನೊಬ್ಬ ವೈದ್ಯರಿಗೆ ಇದು ಸಾಕು. ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಡಬ್ಬಿ ತೆರೆಯುವವರಿಗೆ ಇದರಲ್ಲಿ ಒಂದೇ ಒಂದು ಗಂಟೆಯೂ ಇಲ್ಲ, ಒಂದು ತಾರೀಖೂ ಇಲ್ಲ, ಎಷ್ಟು ಮಾತ್ರೆ ಎಂಬ ಲೆಕ್ಕವೂ ಇಲ್ಲ.

ಮಗ ಮಾಡಿದ ಪಟ್ಟಿ ಮತ್ತು ಗುರುವಾರ ರಾತ್ರಿ

ಮಗ ಆ ಪುಟದ ಫೋಟೋ ತೆಗೆದುಕೊಂಡು, ಆಫೀಸಿನಲ್ಲಿ ಎಲ್ಲರೂ ಮಾಡುವ ಹಾಗೆ ಒಂದು ಸ್ಪ್ರೆಡ್‌ಶೀಟ್ ತಯಾರಿಸಿದ. ಎಡಗಡೆ ಔಷಧಿಯ ಹೆಸರುಗಳು, ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಕಾಲಂ, ಕೊನೆಯಲ್ಲಿ ‘ಸೂಚನೆ’ ಎಂಬ ಕಾಲಂ. ಚೀಟಿಗಳಲ್ಲಿ ನಾವೆಲ್ಲ ನೋಡುವ 1-0-1 ಎಂಬ ಬರವಣಿಗೆಯ ವಿಸ್ತೃತ ರೂಪವೇ ಇದು. ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ. ಎಂದಿದ್ದರೂ ಆಸ್ಪತ್ರೆಯ ಔಷಧಾಲಯ 2.5 ಮಿ.ಗ್ರಾಂ. ಮಾತ್ರೆಗಳನ್ನು ಕೊಟ್ಟಿತ್ತು. ಹಾಗಾಗಿ ಅವನು ಲೆಕ್ಕ ಮಾಡಿ, ಆ ಸಾಲಿನ ‘ರಾತ್ರಿ’ ಚೌಕದಲ್ಲಿ 3 ಎಂದೂ, ‘ಸೂಚನೆ’ಯಲ್ಲಿ ‘ವಾರಕ್ಕೊಮ್ಮೆ’ ಎಂದೂ ಬರೆದ. ಲೆಕ್ಕ ಸರಿಯಾಗಿಯೇ ಇತ್ತು. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಎ4 ಹಾಳೆಯಲ್ಲಿ ಮುದ್ರಿಸಿದಾಗ ಬಲಗಡೆಯ ಕೊನೆಯ ಕಾಲಂ ಹಾಳೆಯಿಂದ ಹೊರಗೆ ಹೋಯಿತು. ಉಳಿದದ್ದು ಔಷಧಿಯ ಹೆಸರು ಮತ್ತು ರಾತ್ರಿ 3.

ಪತಿ ಶಿಸ್ತಿನವರು. ಏಳು ದಿನಗಳ ಹೆಸರಿರುವ ಪ್ಲಾಸ್ಟಿಕ್ ಮಾತ್ರೆಡಬ್ಬಿಯೊಂದನ್ನು ತಂದು, ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಇಡೀ ವಾರದ ಮಾತ್ರೆಗಳನ್ನು ಒಂದೇ ಸಲ ತುಂಬಿಟ್ಟರು. ಗುರುವಾರ ರಾತ್ರಿ ಊಟ ಮುಗಿಸಿ ಡಬ್ಬಿ ತೆರೆದ ಆಕೆ ಕೇಳಿದ ಪ್ರಶ್ನೆಯೇ ಈ ಪ್ರಕರಣದ ತಿರುವು: “ರೀ, ಈ ಹಳದಿ ಮಾತ್ರೆ ಆಸ್ಪತ್ರೇಲಿ ಭಾನುವಾರ ಒಂದೇ ದಿನ ಕೊಟ್ಟಿದ್ರಲ್ಲ, ಇವತ್ತು ಯಾಕೆ ಇಟ್ಟಿದೀರಿ?”

ಏಳು ರಾತ್ರಿಗಳ ಮನೆಗಳಲ್ಲೂ ಮೂರು ಮೂರು ಹಳದಿ ಮಾತ್ರೆಗಳಿದ್ದವು. ಮೆಥೊಟ್ರೆಕ್ಸೇಟ್ ಎಂಬುದು ಸಂಧಿವಾತಕ್ಕೆ ವಾರದಲ್ಲಿ ಒಂದೇ ದಿನ ಕೊಡುವ ಔಷಧಿ. ಅದನ್ನು ದಿನವೂ ನುಂಗಿದರೆ ಬಾಯಲ್ಲಿ ಹುಣ್ಣು ಏಳುವುದರಿಂದ ಆರಂಭವಾಗಿ ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯೇ ಕುಸಿಯುತ್ತದೆ. ಹೀಗೆ ವಾರದ್ದನ್ನು ದಿನದ್ದೆಂದು ತಿಳಿದು ಜೀವ ಕಳೆದುಕೊಂಡವರ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಇಲ್ಲಿ ಬುಧವಾರ ರಾತ್ರಿಯ ಮಾತ್ರೆಗಳನ್ನು ನುಂಗಿರಲಿಲ್ಲ. ಡಬ್ಬಿ ತುಂಬಿಸಿದ್ದೇ ಗುರುವಾರ. ಮರುದಿನ ಬೆಳಿಗ್ಗೆ ಪತಿ ಆ ಡಬ್ಬಿ, ಮುದ್ರಿತ ಹಾಳೆ, ಡಿಸ್ಚಾರ್ಜ್ ಸಮ್ಮರಿ ಮತ್ತು ಮನೆಯಲ್ಲಿದ್ದ ಎಲ್ಲ ಸ್ಟ್ರಿಪ್‌ಗಳ ಚೀಲದೊಂದಿಗೆ ಅಂಗಡಿಗೆ ಬಂದರು. ಚೀಲವನ್ನೂ ತಂದದ್ದು ಒಳ್ಳೆಯದಾಯಿತು ಎಂಬುದು ಮುಂದೆ ತಿಳಿಯುತ್ತದೆ.

ಚೌಕ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

ನೇರವಾಗಿ ಹೊಸ ಪಟ್ಟಿ ಬರೆಯಲು ಕೂರಲಿಲ್ಲ. ಆ ಪ್ಯಾರಾವನ್ನು ಒಂದೊಂದು ವಾಕ್ಯವಾಗಿ ಬಿಡಿಸಿ, ಪ್ರತಿ ಔಷಧಿಗೂ ಒಂದು ಮಾತ್ರೆಯಲ್ಲಿ ಎಷ್ಟು ಮಿ.ಗ್ರಾಂ. ಇದೆ, ಒಂದು ಸಲಕ್ಕೆ ಎಷ್ಟು ಮಾತ್ರೆ, ಯಾವ ಹೊತ್ತು, ಆಹಾರದೊಂದಿಗೆ ಏನು ಸಂಬಂಧ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಕಾಯಿಲೆಗೆ ಎಂದು ಹಾಳೆಯೊಂದರಲ್ಲಿ ಬರೆದೆವು. ಉತ್ತರ ಸಿಗದ ಕಡೆ ಊಹೆಯಿಂದ ತುಂಬದೆ ಖಾಲಿ ಬಿಟ್ಟೆವು. ‘ಯಾವ ಕಾಯಿಲೆಗೆ’ ಎಂಬ ಅಂಕಣವನ್ನು ನಾನು ಜರ್ಮನಿಯ ಪದ್ಧತಿಯಿಂದ ತೆಗೆದುಕೊಂಡಿದ್ದೇನೆ. ಅಲ್ಲಿ 2016ರ ಅಕ್ಟೋಬರ್‌ನಿಂದ, ಮೂರು ಅಥವಾ ಹೆಚ್ಚು ಔಷಧಿ ತೆಗೆದುಕೊಳ್ಳುವವರಿಗೆ ದೇಶಕ್ಕೆಲ್ಲ ಒಂದೇ ನಮೂನೆಯ ಔಷಧಿ ಪಟ್ಟಿಯನ್ನು ವೈದ್ಯರಿಂದ ಪಡೆಯುವ ಹಕ್ಕಿದೆ, ಮತ್ತು ಆ ಪಟ್ಟಿಯಲ್ಲಿ ಹೊತ್ತು, ಪ್ರಮಾಣ, ಸೂಚನೆಗಳ ಜೊತೆಗೆ ಕಾರಣಕ್ಕೂ ಒಂದು ಅಂಕಣವಿದೆ. ಹೆಸರು ಮರೆತವರಿಗೂ ‘ಇದು ಬಿಪಿ ಮಾತ್ರೆ’ ಎಂಬುದು ನೆನಪಿರುತ್ತದೆ.

ಹೀಗೆ ಬರೆದಾಗ ಖಾಲಿ ಉಳಿದವುಗಳಲ್ಲಿ ಅತಿ ದೊಡ್ಡದು ಪ್ಯಾರಾದ ಕೊನೆಯ ವಾಕ್ಯ: ‘ಹಿಂದಿನ ಔಷಧಿಗಳನ್ನು ಮುಂದುವರಿಸುವುದು.’ ಚೀಲವನ್ನು ಮೇಜಿನ ಮೇಲೆ ಸುರಿದೆವು. ಬಿಪಿಗೆ ಟೆಲ್ಮಿಸಾರ್ಟನ್ 40, ಸಕ್ಕರೆಗೆ ಮೆಟ್‌ಫಾರ್ಮಿನ್ 500, ಇವೆರಡರಲ್ಲಿ ಗೊಂದಲವಿರಲಿಲ್ಲ. ಆದರೆ ಥೈರಾಯ್ಡ್ ಮಾತ್ರೆಯ ಬಾಟಲಿಗಳು ಎರಡಿದ್ದವು. ಒಂದು 50 ಮೈಕ್ರೋಗ್ರಾಂ, ಇನ್ನೊಂದು 75. ಅವುಗಳ ಜೊತೆಗೆ ಅರ್ಧ ಮುಗಿದ ಡೈಕ್ಲೊಫೆನಾಕ್ ಸ್ಟ್ರಿಪ್ ಒಂದಿತ್ತು. ಕೀಲುನೋವು ಹೆಚ್ಚಾದಾಗ ಆಕೆ ತಿಂಗಳುಗಟ್ಟಲೆ ನುಂಗುತ್ತಿದ್ದದ್ದು ಅದನ್ನೇ. ಆಕೆಯ ಪಾಲಿಗೆ ಅದೂ ‘ಹಿಂದಿನ ಔಷಧಿ’ಯೇ, ಮುಂದುವರಿಸಬೇಕಾದದ್ದೇ.

ಆಸ್ಪತ್ರೆಯ ವೈದ್ಯರಿಗೆ ಆ ಸ್ಟ್ರಿಪ್ ಇರುವುದು ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಆಕೆಯೂ ಹೇಳಿರಲಿಲ್ಲ. ಪ್ರೆಡ್ನಿಸೊಲೋನ್ ಜೊತೆಗೆ ಡೈಕ್ಲೊಫೆನಾಕ್ ಸೇರಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಒಸರುವ ಸಂಭವ ಹೆಚ್ಚುತ್ತದೆ. ಮೂತ್ರಪಿಂಡದ ಮೇಲೆ ಒತ್ತಡ ಬಿದ್ದರೆ ಮೆಥೊಟ್ರೆಕ್ಸೇಟ್ ದೇಹದಿಂದ ಹೊರಹೋಗುವುದು ನಿಧಾನವಾಗುತ್ತದೆ, ಮತ್ತು ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ಆ ಒತ್ತಡದ ಅಪಾಯ ಇನ್ನೂ ಹೆಚ್ಚು. ಇದನ್ನು ನಿರ್ಧರಿಸುವುದು ಪಟ್ಟಿ ಬರೆಯುವವರ ಕೆಲಸವಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ, ವಾರ್ಡಿನ ವೈದ್ಯರೊಡನೆ ಮಾತನಾಡಿದೆವು. ಡೈಕ್ಲೊಫೆನಾಕ್ ನಿಲ್ಲಿಸಬೇಕೆಂದೂ, ದಾಖಲಾಗಿದ್ದಾಗ ಮಾಡಿದ ರಕ್ತಪರೀಕ್ಷೆಯ ಪ್ರಕಾರ ಥೈರಾಯ್ಡ್ ಮಾತ್ರೆ 50 ಸಾಕೆಂದೂ ಅವರು ಹೇಳಿದರು. ಎರಡೂ ಉತ್ತರಗಳನ್ನು ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಸಮ್ಮರಿಯ ಹಿಂಬದಿಯಲ್ಲಿ ಬರೆದುಕೊಂಡೆವು. 75ರ ಬಾಟಲಿಯನ್ನೂ ಡೈಕ್ಲೊಫೆನಾಕನ್ನೂ ಪತಿ ಅಲ್ಲಿಯೇ ಬಿಟ್ಟುಹೋದರು. ಪಟ್ಟಿಯಲ್ಲಿಲ್ಲದ ಔಷಧಿ ಮನೆಯಲ್ಲಿದ್ದರೆ, ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಅದು ಅರ್ಧ ಸತ್ಯ ಮಾತ್ರ.

ಎರಡನೆಯ ಪ್ರಶ್ನೆ ಪ್ರೆಡ್ನಿಸೊಲೋನ್‌ನ ‘ಒಂದು ವಾರ’ ಯಾವತ್ತಿನಿಂದ ಎಂಬುದು. ಬುಧವಾರ ಬೆಳಗಿನ ಮಾತ್ರೆಯನ್ನು ಆಸ್ಪತ್ರೆಯಲ್ಲಿಯೇ ಕೊಟ್ಟಿದ್ದರು. ಎಣಿಕೆ ಗುರುವಾರದಿಂದ ಎಂದು ವೈದ್ಯರು ಖಚಿತಪಡಿಸಿದರು. ಸಣ್ಣ ಸಂಗತಿ ಎನ್ನಿಸಬಹುದು. ಆದರೆ ಇದು ತಿಳಿಯದೆ ಮುಂದಿನ ಯಾವ ತಾರೀಖನ್ನೂ ಬರೆಯಲು ಆಗುತ್ತಿರಲಿಲ್ಲ.

ಬೆಳಗಿನ ನೂಕುನುಗ್ಗಲು

ಮಗನ ಪಟ್ಟಿಯ ‘ಬೆಳಿಗ್ಗೆ’ ಕಾಲಂನಲ್ಲಿ ಆರು ಔಷಧಿಗಳಿದ್ದವು: ಥೈರಾಯ್ಡ್, ಗ್ಯಾಸ್, ಪ್ರೆಡ್ನಿಸೊಲೋನ್, ಸಕ್ಕರೆ, ಬಿಪಿ, ಕ್ಯಾಲ್ಸಿಯಂ. ಇವೆಲ್ಲವನ್ನೂ ಒಂದೇ ಗುಟುಕಿಗೆ ನುಂಗಬಾರದು. ಬೆಳಿಗ್ಗೆ ಎಂಬುದು ಒಂದು ಹೊತ್ತಲ್ಲ, ಕನಿಷ್ಠ ಮೂರು ಹೊತ್ತು.

ಲೆವೊಥೈರಾಕ್ಸಿನ್ ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ ಮಾತ್ರ, ತಿಂಡಿಗೂ ಕಾಫಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಆಗಬೇಕು. ಕಾಫಿ ಅದು ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಕ್ಯಾಲ್ಸಿಯಂ ಅದಕ್ಕಿಂತ ಹೆಚ್ಚು ಅಡ್ಡಿ ಮಾಡುವುದರಿಂದ ಇವೆರಡರ ನಡುವೆ ನಾಲ್ಕು ಗಂಟೆ ಬಿಡಬೇಕು. ಇಲ್ಲಿ ಆಕೆಯ ದಿನಚರಿಯನ್ನೇ ಕೇಳಿದೆವು. ಐದೂವರೆಗೆ ಎದ್ದು, ಮುಖ ತೊಳೆದು, ಅಂಗಳ ಗುಡಿಸಿ ರಂಗೋಲಿ ಹಾಕಿ, ಹಾಲಿನವನು ಬಂದ ಮೇಲೆ ಆರೂವರೆಗೆ ಕಾಫಿ. ತಿಂಡಿ ಎಂಟೂವರೆಗೆ. ಅಂದರೆ ಥೈರಾಯ್ಡ್ ಮಾತ್ರೆಗೆ ಬೇಕಾದ ಒಂದು ಗಂಟೆ ದಿನಚರಿಯಲ್ಲಿಯೇ ಇತ್ತು. ಮುಖ ತೊಳೆದ ತಕ್ಷಣ ಎಂದು ಬರೆದರೆ ಸಾಕಾಯಿತು. ಎಂಟೂವರೆಯ ತಿಂಡಿಯ ನಂತರ ಕ್ಯಾಲ್ಸಿಯಂ ಕೊಟ್ಟರೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಅಂತರವಷ್ಟೇ ಸಿಗುತ್ತಿತ್ತು. ಚೀಟಿಯಲ್ಲಿ ‘ದಿನಕ್ಕೊಮ್ಮೆ ಆಹಾರದ ನಂತರ’ ಎಂದಷ್ಟೇ ಇದ್ದುದರಿಂದ ಅದನ್ನು ಮಧ್ಯಾಹ್ನದ ಊಟಕ್ಕೆ ಸರಿಸಿದೆವು, ವೈದ್ಯರೂ ಒಪ್ಪಿದರು. ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮೊದಲು ಇರಬೇಕಾದ್ದರಿಂದ ಎಂಟು ಗಂಟೆಗೆ ಬಂತು.

ಉಳಿದವುಗಳಲ್ಲಿ ಪ್ರೆಡ್ನಿಸೊಲೋನ್ ಮತ್ತು ಮೆಟ್‌ಫಾರ್ಮಿನ್ ಎರಡಕ್ಕೂ ಹೊಟ್ಟೆಯಲ್ಲಿ ಆಹಾರವಿರಬೇಕು. ಟೆಲ್ಮಿಸಾರ್ಟನ್‌ಗೆ ಆಹಾರದ ಹಂಗಿಲ್ಲ. ಹೀಗೆ ಹಂಗಿಲ್ಲದ ಔಷಧಿಗೆ ಬೇರೆ ಹೊತ್ತು ಸೃಷ್ಟಿಸಬಾರದು. ಆಗಲೇ ಇರುವ ಹೊತ್ತಿಗೆ ಸೇರಿಸಬೇಕು. ಹೊತ್ತು ಹೆಚ್ಚಿದಷ್ಟೂ ಮರೆವೂ ಹೆಚ್ಚುತ್ತದೆ. ಹಾಗಾಗಿ ಮೂರೂ ತಿಂಡಿಯ ನಂತರದ ಸಾಲಿಗೆ ಬಂದವು.

ಇಲ್ಲಿಯೇ ಪಟ್ಟಿಯ ದಿಕ್ಕನ್ನೂ ತಿರುಗಿಸಿದೆವು. ಔಷಧಿಗಳನ್ನು ಸಾಲಿನಲ್ಲಿಟ್ಟು ಹೊತ್ತುಗಳನ್ನು ಕಾಲಂನಲ್ಲಿಟ್ಟರೆ, ‘ಈಗ ಏನು ನುಂಗಬೇಕು’ ಎಂದು ತಿಳಿಯಲು ಒಂದು ಕಾಲಂನ ಉದ್ದಕ್ಕೂ ಬೆರಳಾಡಿಸಿ ಖಾಲಿ ಚೌಕಗಳನ್ನು ದಾಟಬೇಕಾಗುತ್ತದೆ. ಹೊತ್ತುಗಳನ್ನೇ ಸಾಲುಗಳನ್ನಾಗಿಸಿದರೆ ಒಂದು ಸಾಲನ್ನು ಓದಿದರೆ ಮುಗಿಯಿತು. ವೈದ್ಯರಿಗೆ ಮೊದಲನೆಯದು ಅನುಕೂಲ, ಮನೆಯವರಿಗೆ ಎರಡನೆಯದು.

ಒಪ್ಪೊತ್ತಿನ ಶನಿವಾರ

ಕರಡು ಪಟ್ಟಿಯನ್ನು ಓದಿ ಹೇಳುವಾಗ ಆಕೆ ಹೇಳಿದ ಮಾತಿನಿಂದ ಇನ್ನೊಂದು ತೊಡಕು ಗೊತ್ತಾಯಿತು. ಆಕೆ ಶನಿವಾರ ಒಪ್ಪೊತ್ತು ಮಾಡುತ್ತಾರೆ. ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಒಂದೇ ಊಟ. ‘ತಿಂಡಿ ಆದ ಮೇಲೆ’ ಎಂಬ ಸಾಲು ಆ ದಿನ ಅಸ್ತಿತ್ವದಲ್ಲೇ ಇಲ್ಲ! ಪಟ್ಟಿಯನ್ನು ಅಕ್ಷರಶಃ ಪಾಲಿಸಿದರೆ ಪ್ರೆಡ್ನಿಸೊಲೋನ್ ಆ ದಿನ ಬಿಟ್ಟುಹೋಗುತ್ತಿತ್ತು, ಇಲ್ಲವೇ ಖಾಲಿ ಹೊಟ್ಟೆಗೆ ಬೀಳುತ್ತಿತ್ತು. ಇದೊಂದು ಸ್ಟೀರಾಯ್ಡ್, ನಡುವೆ ಬಿಡುವಂತಿಲ್ಲ. ಕೆಲವು ವಾರ ತೆಗೆದುಕೊಂಡ ಮೇಲೆ ಥಟ್ಟನೆ ನಿಲ್ಲಿಸಿದರೆ, ದೇಹ ತಾನೇ ತಯಾರಿಸಬೇಕಾದ ಸ್ಟೀರಾಯ್ಡ್ ಸಾಲದೆ ಸುಸ್ತು, ವಾಂತಿ, ಬಿಪಿ ಇಳಿತ ಕಾಣಿಸಿಕೊಳ್ಳಬಹುದು.

‘ಉಪವಾಸ ಬಿಡಿ’ ಎಂದು ಪಟ್ಟಿಯಲ್ಲಿ ಬರೆದಿದ್ದರೆ ಆಕೆ ತಲೆಯಾಡಿಸಿ ಹೋಗಿ, ತಮಗೆ ತೋಚಿದಂತೆ ನಡೆಯುತ್ತಿದ್ದರು ಎಂದು ನನಗನ್ನಿಸುತ್ತದೆ. ಅದರ ಬದಲು ಒಪ್ಪೊತ್ತಿನಲ್ಲಿ ಏನು ತಿನ್ನಬಹುದು ಎಂದು ಕೇಳಿದೆವು. ಫಲಾಹಾರಕ್ಕೆ ಅಡ್ಡಿಯಿರಲಿಲ್ಲ, ಮೊಸರವಲಕ್ಕಿ, ಬಾಳೆಹಣ್ಣು ಆಗುತ್ತಿತ್ತು. ಶನಿವಾರ ಎಂಟೂವರೆಗೆ ಒಂದು ಬಟ್ಟಲು ಅವಲಕ್ಕಿ ತಿಂದು ಅದೇ ಮಾತ್ರೆಗಳನ್ನು ತೆಗೆದುಕೊಳ್ಳುವುದು, ರಾತ್ರಿಯೂ ಹಾಗೆಯೇ ಎಂದು ತೀರ್ಮಾನವಾಯಿತು. ಸಕ್ಕರೆಗೆ ಮೆಟ್‌ಫಾರ್ಮಿನ್ ಒಂದೇ ಇದ್ದುದರಿಂದ ಇಷ್ಟು ಸಲೀಸಾಯಿತು. ಅದೊಂದರಿಂದಲೇ ರಕ್ತದ ಸಕ್ಕರೆ ತೀರಾ ಇಳಿದುಹೋಗುವುದು ಅಪರೂಪ. ಗ್ಲಿಮೆಪಿರೈಡ್‌ನಂತಹ ಮಾತ್ರೆಯೋ ಇನ್ಸುಲಿನ್ನೋ ಇದ್ದಿದ್ದರೆ, ಊಟ ಕಡಿಮೆಯಾದ ದಿನಕ್ಕೆ ವೈದ್ಯರು ಪ್ರತ್ಯೇಕ ಪ್ರಮಾಣವನ್ನೇ ಬರೆದುಕೊಡಬೇಕಾಗುತ್ತಿತ್ತು.

ಅಂತಿಮ ರೂಪ

ಮೆಥೊಟ್ರೆಕ್ಸೇಟ್ ಮತ್ತು ಫೋಲಿಕ್ ಆಮ್ಲವನ್ನು ದಿನದ ಪಟ್ಟಿಯಿಂದ ಸಂಪೂರ್ಣ ಹೊರಗಿಟ್ಟೆವು. ‘ವಾರಕ್ಕೊಮ್ಮೆ’ ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಸಾಲದೇ ಎಂದು ಮಗ ಫೋನಿನಲ್ಲಿ ಕೇಳಿದ. ಸಾಲದು, ದಿನದ ಪಟ್ಟಿಯಲ್ಲಿರುವುದನ್ನೆಲ್ಲ ದಿನವೂ ಮಾಡುವುದೇ ಆ ಪಟ್ಟಿಯ ಅರ್ಥ, ಅದಕ್ಕೆ ವಿರುದ್ಧವಾದ ಸೂಚನೆ ಎಷ್ಟೇ ದಪ್ಪಗಿದ್ದರೂ ಅಭ್ಯಾಸದ ಮುಂದೆ ನಿಲ್ಲುವುದಿಲ್ಲ. ಗೋಡೆಗೆ ಅಂಟಿಸಿದ ದಿನದ ಪಟ್ಟಿ ಹೀಗಿತ್ತು:

| ಹೊತ್ತು | ಮಾತ್ರೆ, ಯಾವುದಕ್ಕೆ | ಎಷ್ಟು | ಆಹಾರ |
|---|---|---|---|
| ಮುಖ ತೊಳೆದ ತಕ್ಷಣ (5:30) | ① ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ಥೈರಾಯ್ಡ್ | 1 | ಖಾಲಿ ಹೊಟ್ಟೆ, ನೀರು ಮಾತ್ರ. ಕಾಫಿ 6:30ರ ನಂತರ |
| ತಿಂಡಿಗೆ ಅರ್ಧ ಗಂಟೆ ಮೊದಲು (8:00) | ② ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ., ಗ್ಯಾಸ್ | 1 | ತಿಂಡಿಗೆ ಮೊದಲು |
| ತಿಂಡಿ ಆದ ತಕ್ಷಣ (8:45) | ③ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ., ಕೀಲು | ಕೆಳಗಿನ ತಾರೀಖು ನೋಡಿ | ಹೊಟ್ಟೆ ತುಂಬಿರಬೇಕು. ಶನಿವಾರ ಅವಲಕ್ಕಿ |
| | ④ ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಸಕ್ಕರೆ | 1 | ಅದೇ |
| | ⑤ ಟೆಲ್ಮಿಸಾರ್ಟನ್ 40 ಮಿ.ಗ್ರಾಂ., ಬಿಪಿ | 1 | ಅದೇ ಹೊತ್ತಿಗೆ |
| ಮಧ್ಯಾಹ್ನ ಊಟ ಆದ ಮೇಲೆ (1:30) | ⑥ ಕ್ಯಾಲ್ಸಿಯಂ 500 ಮಿ.ಗ್ರಾಂ., ಮೂಳೆ | 1 | ಊಟದ ನಂತರ |
| ರಾತ್ರಿ ಊಟ ಆದ ಮೇಲೆ (8:30) | ④ ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಸಕ್ಕರೆ | 1 | ಊಟದ ನಂತರ |

| ③ ಪ್ರೆಡ್ನಿಸೊಲೋನ್: ಯಾವಾಗ | 5 ಮಿ.ಗ್ರಾಂ. ಮಾತ್ರೆ ಎಷ್ಟು |
|---|---|
| ಜೂನ್ 5 ರಿಂದ 11 | 4 |
| ಜೂನ್ 12 ರಿಂದ 18 | 3 |
| ಜೂನ್ 19 ರಿಂದ ಜುಲೈ 2 | 2 |
| ಜುಲೈ 3 ರಿಂದ, ಡಾಕ್ಟರ್ ನೋಡುವವರೆಗೆ | 1 (ನಾವಾಗಿ ನಿಲ್ಲಿಸುವಂತಿಲ್ಲ) |

ವೃತ್ತದೊಳಗಿನ ಅಂಕೆಗಳು ಸ್ಟ್ರಿಪ್‌ಗಳ ಮೇಲೂ ಇದ್ದವು. ಆಕೆ ಕನ್ನಡ ಓದುತ್ತಾರೆ, ಸ್ಟ್ರಿಪ್‌ನ ಹೆಸರು ಇಂಗ್ಲಿಷಿನಲ್ಲಿರುತ್ತದೆ, ಮೇಲಾಗಿ ಪಟ್ಟಿಯಲ್ಲಿರುವುದು ಔಷಧಿಯ ಮೂಲ ಹೆಸರು, ಸ್ಟ್ರಿಪ್‌ನಲ್ಲಿ ದೊಡ್ಡದಾಗಿ ಕಾಣುವುದು ಕಂಪನಿಯ ಹೆಸರು. ಈ ಮೂರನ್ನೂ ಹೊಂದಿಸಲು ಅಂಕೆಯ ಸ್ಟಿಕರ್‌ಗಿಂತ ಸುಲಭದ ದಾರಿ ಕಾಣಲಿಲ್ಲ. ಸ್ಟ್ರಿಪ್ ಕತ್ತರಿಸಿ ಕೊಡುವ ಅಂಗಡಿಗಳಲ್ಲಿ ಹೆಸರೂ ಅವಧಿ ಮುಗಿಯುವ ದಿನಾಂಕವೂ ಇರುವ ತುದಿಯನ್ನು ಕೇಳಿ ತೆಗೆದುಕೊಳ್ಳಬೇಕೆಂದು ಪತಿಗೆ ಹೇಳಿದೆವು.

‘ಎಷ್ಟು’ ಎಂಬಲ್ಲಿ ಮಾತ್ರೆಯ ಸಂಖ್ಯೆಯನ್ನೂ, ಅದರ ಪಕ್ಕದಲ್ಲಿ ಒಂದು ಮಾತ್ರೆಯ ಮಿ.ಗ್ರಾಂ. ಅನ್ನೂ ಬರೆದದ್ದು ಉದ್ದೇಶಪೂರ್ವಕ. ‘20 ಮಿ.ಗ್ರಾಂ.’ ಎಂದಷ್ಟೇ ಇದ್ದರೆ ಮನೆಯಲ್ಲಿ ಭಾಗಾಕಾರ ಮಾಡಬೇಕು. ‘4 ಮಾತ್ರೆ’ ಎಂದಷ್ಟೇ ಇದ್ದರೆ ಬೇರೆ ಗಾತ್ರದ ಮಾತ್ರೆ ಬಂದ ದಿನ ಪಟ್ಟಿಯೇ ದಾರಿ ತಪ್ಪಿಸುತ್ತದೆ.

ವಾರದ ಔಷಧಿಗೆ ಹಳದಿ ಬಣ್ಣದ ಪ್ರತ್ಯೇಕ ಕಾರ್ಡು. ಆಸ್ಪತ್ರೆಯಲ್ಲಿ ಮೊದಲ ಸಲ ಜೂನ್ 1ರ ಭಾನುವಾರ ಕೊಟ್ಟಿದ್ದರಿಂದ ಅದೇ ವಾರವನ್ನು ಉಳಿಸಿಕೊಂಡೆವು. ಶನಿವಾರದ ಒಪ್ಪೊತ್ತಿನಿಂದಲೂ ಅದು ದೂರ. ಕಾರ್ಡಿನಲ್ಲಿ ‘ಭಾನುವಾರ ರಾತ್ರಿ ಮಾತ್ರ: ಮೆಥೊಟ್ರೆಕ್ಸೇಟ್ 2.5 ಮಿ.ಗ್ರಾಂ. ಮಾತ್ರೆ 3, ಒಟ್ಟು 7.5. ಸೋಮವಾರ: ಫೋಲಿಕ್ ಆಮ್ಲ 5 ಮಿ.ಗ್ರಾಂ. ಮಾತ್ರೆ 1’ ಎಂದು ಬರೆದು, ಕೆಳಗೆ ಜೂನ್ 8, 15, 22, 29, ಜುಲೈ 6 ಎಂದು ಒಂದೊಂದು ಭಾನುವಾರಕ್ಕೂ ಒಂದು ಚೌಕ ಹಾಕಿದೆವು. ನುಂಗಿದ ಮೇಲೆ ಗುರುತು ಹಾಕಬೇಕು. ಗುರುತಿದ್ದರೆ ಆ ವಾರ ಮತ್ತೆ ಮುಟ್ಟುವಂತಿಲ್ಲ. ವೈದ್ಯರು ಹೇಳಿದ್ದ ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಯ ತಾರೀಖನ್ನೂ, ಬಾಯಿಹುಣ್ಣು, ಜ್ವರ, ಗಂಟಲು ನೋವು, ಒಣಕೆಮ್ಮು ಅಥವಾ ಉಸಿರಾಟದ ತೊಂದರೆ ಕಂಡರೆ ಮುಂದಿನ ಮಾತ್ರೆ ತೆಗೆದುಕೊಳ್ಳುವ ಮೊದಲು ಫೋನ್ ಮಾಡಬೇಕು ಎಂಬುದನ್ನೂ ಅದೇ ಕಾರ್ಡಿನಲ್ಲಿ ಬರೆದೆವು. ಹಳದಿ ಮಾತ್ರೆಗಳ ಸ್ಟ್ರಿಪ್ ಆ ಕಾರ್ಡಿನೊಂದಿಗೆ ಬೇರೆ ಲಕೋಟೆಯಲ್ಲಿ ದೇವರಮನೆಯ ಕಪಾಟು ಸೇರಿತು. ಏಳು ದಿನದ ಡಬ್ಬಿಗೆ ಅದನ್ನು ಹಾಕಬಾರದು ಎಂಬುದು ನಿಯಮವಾಯಿತು.

ಪ್ಯಾರಾಸಿಟಮಾಲ್‌ಗೆ ಯಾವ ಚೌಕವೂ ಸರಿಹೊಂದಲಿಲ್ಲ. ‘ಬೇಕಾದಾಗ’ ಎಂಬುದಕ್ಕೆ ಹೊತ್ತಿಲ್ಲ, ಮಿತಿ ಮಾತ್ರ ಇದೆ. ಪಟ್ಟಿಯ ಅಡಿಯಲ್ಲಿ, ನೋವಿದ್ದರೆ ಮಾತ್ರ ಒಂದು, ಎರಡರ ನಡುವೆ ಕನಿಷ್ಠ ಆರು ಗಂಟೆ, ವೈದ್ಯರು ಹೇಳಿದಂತೆ ದಿನಕ್ಕೆ ಮೂರು ಮೀರಬಾರದು ಎಂದು ಬರೆದೆವು. ಡೈಕ್ಲೊಫೆನಾಕ್ ಬೇಡ ಎಂಬುದೂ ಅದರ ಪಕ್ಕದಲ್ಲೇ ಇತ್ತು, ಏಕೆಂದರೆ ನೋವು ಬಂದಾಗ ಕಣ್ಣು ಹೋಗುವುದು ಆ ಜಾಗಕ್ಕೇ.

ಏನಾಯಿತು

ಮೊದಲಿಗೆ ಗಂಟೆಗಳೇ ತೊಂದರೆ ಕೊಟ್ಟವು. ಮನೆಗೆ ನೆಂಟರು ಬಂದಿದ್ದ ದಿನ ತಿಂಡಿ ಒಂಬತ್ತೂವರೆಗೆ ಹೋಯಿತು. ಪತಿ ಗಡಿಯಾರ ನೋಡಿ ಎಂಟೂ ಮುಕ್ಕಾಲಿಗೆ ಮೂರೂ ಮಾತ್ರೆಗಳನ್ನು ಕೊಟ್ಟುಬಿಟ್ಟರು. ಆಕೆಗೆ ಹೊಟ್ಟೆ ತೊಳಸಿದಂತಾಯಿತು. ಕರಡಿನಲ್ಲಿ ಗಂಟೆಯೇ ದೊಡ್ಡ ಅಕ್ಷರದಲ್ಲಿತ್ತು, ‘ತಿಂಡಿ ಆದ ತಕ್ಷಣ’ ಎಂಬುದು ಸಣ್ಣದಾಗಿತ್ತು. ಅದನ್ನು ಅದಲುಬದಲು ಮಾಡಿ, ಮೇಲೆ ತೋರಿಸಿದಂತೆ ಗಂಟೆಯನ್ನು ಆವರಣದೊಳಗೆ ಹಾಕಿದೆವು. ಆಹಾರಕ್ಕೆ ಕಟ್ಟುಬಿದ್ದ ಔಷಧಿಗೆ ಆಹಾರವೇ ಗಡಿಯಾರ. ಗಂಟೆಗೆ ನಿಜವಾಗಿ ಬೆಲೆಯಿದ್ದದ್ದು ಥೈರಾಯ್ಡ್ ಮಾತ್ರೆ ಮತ್ತು ಕಾಫಿಯ ನಡುವಿನ ಅಂತರಕ್ಕೆ ಮಾತ್ರ.

ಪ್ರೆಡ್ನಿಸೊಲೋನ್ ಇಳಿಸುವುದು ಸರಿಯಾಗಿ ನಡೆಯಿತೇ ಎಂದು ತಿಳಿಯಲು ಆಕೆಯ ನೆನಪನ್ನು ನಂಬದೆ ಮಾತ್ರೆ ಎಣಿಸಿದೆವು. ಒಟ್ಟು 80 ಮಾತ್ರೆಗಳನ್ನು ತಂದಿದ್ದರು. ಮೊದಲ ವಾರಕ್ಕೆ 28, ಎರಡನೆಯ ವಾರಕ್ಕೆ 21. ಜೂನ್ 18ರ ರಾತ್ರಿ 31 ಉಳಿಯಬೇಕು. ಪತಿ ಫೋನಿನಲ್ಲಿ ಎಣಿಸಿ ಹೇಳಿದ್ದು 31. ಮುಂದಿನ ಎರಡು ವಾರಕ್ಕೆ 28 ಕಳೆದು ಜುಲೈ 2ಕ್ಕೆ 3 ಉಳಿಯಬೇಕಿತ್ತು, ಉಳಿದದ್ದು 4. ಯಾವುದೋ ಒಂದು ಬೆಳಿಗ್ಗೆ ಎರಡರ ಬದಲು ಒಂದೇ ಹೋಗಿದೆ ಎಂದಾಯಿತು. ಅದನ್ನು ಸರಿದೂಗಿಸಲು ಹೆಚ್ಚುವರಿ ನುಂಗುವ ಅಗತ್ಯವಿರಲಿಲ್ಲ. ‘ಎಲ್ಲ ಸರಿಯಾಗಿ ತಗೊಂಡಿದೀನಿ’ ಎಂಬ ಉತ್ತರಕ್ಕಿಂತ ಇಂತಹ ಒಂದು ಮಾತ್ರೆಯ ವ್ಯತ್ಯಾಸ ಹೆಚ್ಚು ಉಪಯುಕ್ತ.

ದೊಡ್ಡ ಪರೀಕ್ಷೆ ಮೆಥೊಟ್ರೆಕ್ಸೇಟ್ ಮುಗಿದು ಮತ್ತೆ ತರಬೇಕಾದಾಗ ಬಂತು. ಅವರು ಬೇರೊಂದು ಅಂಗಡಿಯಿಂದ ತಂದರು. ಚೀಟಿಯಲ್ಲಿ 7.5 ಮಿ.ಗ್ರಾಂ. ಎಂದಿದ್ದುದರಿಂದ ಆ ಅಂಗಡಿಯವರು 7.5 ಮಿ.ಗ್ರಾಂ.ನದೇ ಮಾತ್ರೆಗಳನ್ನು ಕೊಟ್ಟರು, ಅದರಲ್ಲಿ ಅವರ ತಪ್ಪಿಲ್ಲ. ಹಳದಿ ಕಾರ್ಡಿನಲ್ಲಿ ‘3 ಮಾತ್ರೆ’ ಎಂದಷ್ಟೇ ಇದ್ದಿದ್ದರೆ ಆ ಭಾನುವಾರ 22.5 ಮಿ.ಗ್ರಾಂ. ಹೋಗುತ್ತಿತ್ತು. ಪತಿ ಹೊಸ ಸ್ಟ್ರಿಪ್‌ಗೆ ಅಂಕೆ ಅಂಟಿಸಲು ಹೋದಾಗ ಕಾರ್ಡಿನ 2.5ಕ್ಕೂ ಸ್ಟ್ರಿಪ್‌ನ 7.5ಕ್ಕೂ ತಾಳೆಯಾಗದೆ, ನುಂಗುವ ಮೊದಲೇ ಫೋನ್ ಮಾಡಿದರು. ಸ್ಟ್ರಿಪ್ ವಾಪಸಾಗಿ 2.5ರ ಮಾತ್ರೆಗಳು ಬಂದವು. ಈ ಔಷಧಿಯನ್ನು ಯಾವಾಗಲೂ ಒಂದೇ ಗಾತ್ರದ ಮಾತ್ರೆಯಲ್ಲಿ ಕೊಡಬೇಕೆಂಬ ಎಚ್ಚರಿಕೆ ಇರುವುದು ಇದಕ್ಕೇ. ನಂತರ ಕಾರ್ಡಿನ ಮೇಲೆ ಅಂಗಡಿಯವರಿಗಾಗಿ ಒಂದು ಸಾಲು ಸೇರಿಸಿದೆವು: ‘2.5 ಮಿ.ಗ್ರಾಂ. ಮಾತ್ರೆಗಳನ್ನೇ ಕೊಡಿ.’

ಇತರರಿಗೆ ಉಪಯೋಗವಾಗಬಹುದಾದದ್ದು

ಈ ಪ್ರಕರಣದಲ್ಲಿ ಪಟ್ಟಿ ಬರೆಯಲು ಹಿಡಿದ ಹೊತ್ತು ಕಡಿಮೆ. ವಾಕ್ಯಗಳು ಹೇಳದೆ ಬಿಟ್ಟದ್ದನ್ನು ಹುಡುಕಲು ಹಿಡಿದದ್ದೇ ಹೆಚ್ಚು. ವಾಕ್ಯದಲ್ಲಿ ‘ಮೊದಲಿನಂತೆ’, ‘ಬಳಿಕ’, ‘ವಾರಕ್ಕೊಮ್ಮೆ’, ‘ಬೇಕಾದಾಗ’ ಎಂದು ಬರೆದು ಮುಂದೆ ಹೋಗಬಹುದು, ಓದುಗರಿಗೂ ಅದು ಅರ್ಥವಾದಂತೆ ಅನ್ನಿಸುತ್ತದೆ. ಚೌಕ ಹಾಗಲ್ಲ. ಅದು ಒಂದು ಅಂಕೆ ಕೇಳುತ್ತದೆ, ಆ ಅಂಕೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂಬುದು ಅಲ್ಲಿಯೇ ಕಾಣುತ್ತದೆ. ಆ ಖಾಲಿ ಚೌಕವನ್ನು ಅಂದಾಜಿನಿಂದ ತುಂಬಿದರೆ ಮಾತ್ರ ಪಟ್ಟಿ ವಾಕ್ಯಕ್ಕಿಂತ ಅಪಾಯಕಾರಿ, ಏಕೆಂದರೆ ಮುದ್ರಿತ ಅಂಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ‘ರಾತ್ರಿ 3’ ಎಂಬುದನ್ನು ಪತಿ ಪ್ರಶ್ನಿಸಲಿಲ್ಲ. ಪ್ರಶ್ನಿಸಿದ್ದು ಪಟ್ಟಿಯನ್ನೇ ನೋಡದ ರೋಗಿ.

ಸಿದ್ಧವಾದ ಪಟ್ಟಿಯನ್ನು ರೋಗಿಯಿಂದಲೇ ಗಟ್ಟಿಯಾಗಿ ಓದಿಸಿ, ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ ಎಂದು ಕೇಳುವುದನ್ನು ನಾನು ಬಿಡುವುದಿಲ್ಲ. ಒಪ್ಪೊತ್ತಿನ ವಿಷಯ ಹೊರಬಂದದ್ದು ಆ ಪ್ರಶ್ನೆಯಿಂದ. ಮುದ್ರಿಸಿದ ಮೇಲೆ ಹಾಳೆಯ ನಾಲ್ಕೂ ಅಂಚುಗಳನ್ನು ಮೂಲದೊಂದಿಗೆ ಹೋಲಿಸಿ ನೋಡಬೇಕು. ಪಟ್ಟಿಯ ಮೂಲೆಯಲ್ಲಿ ಬರೆದ ದಿನಾಂಕವಿರಬೇಕು, ಹೊಸದು ಬಂದ ದಿನ ಹಳೆಯದನ್ನು ಹರಿದು ಹಾಕಬೇಕು; ಮಗನ ಫೋನಿನಲ್ಲಿ ಹಳೆಯ ಸ್ಪ್ರೆಡ್‌ಶೀಟ್ ಉಳಿದಿತ್ತು, ಅದನ್ನೂ ಅಳಿಸಿಸಿದೆವು.

ಈ ನಮೂನೆ ಎಲ್ಲದಕ್ಕೂ ಒಗ್ಗುವುದಿಲ್ಲ. ಸಕ್ಕರೆ ಪರೀಕ್ಷಿಸಿ ಪ್ರಮಾಣ ನಿರ್ಧರಿಸುವ ಇನ್ಸುಲಿನ್‌ಗೆ, ರಕ್ತಪರೀಕ್ಷೆಯ ಫಲಿತಾಂಶ ನೋಡಿ ಬದಲಾಗುವ ವಾರ್ಫರಿನ್‌ಗೆ ಸ್ಥಿರ ಅಂಕೆಯ ಚೌಕ ತಪ್ಪು ಭರವಸೆ ಕೊಡುತ್ತದೆ. ಅವುಗಳಿಗೆ ಫಲಿತಾಂಶವನ್ನೂ ಆ ದಿನದ ಪ್ರಮಾಣವನ್ನೂ ಅಕ್ಕಪಕ್ಕದಲ್ಲಿ ಬರೆಯುವ ಪುಸ್ತಕವೇ ಬೇಕು. ಈ ಆಕೆಯ ವಿಷಯದಲ್ಲಿಯೂ ಜುಲೈ ಭೇಟಿಯಲ್ಲಿ ಮೆಥೊಟ್ರೆಕ್ಸೇಟ್ 10 ಮಿ.ಗ್ರಾಂ.ಗೆ ಏರಿತು, ಪ್ರೆಡ್ನಿಸೊಲೋನ್ 5ರಲ್ಲಿಯೇ ಉಳಿಯಿತು. ದಿನದ ಪಟ್ಟಿಯಲ್ಲಿ ತಾರೀಖುಗಳ ಕೋಷ್ಟಕ ಹೋಗಿ ③ರ ಎದುರು 1 ಎಂದಾಯಿತು, ಹಳದಿ ಕಾರ್ಡಿನಲ್ಲಿ 3 ಹೋಗಿ 4 ಬಂತು. ಈ ಸಲ ವೈದ್ಯರು ಪ್ಯಾರಾ ಬರೆಯದೆ, ಆಕೆ ಜೊತೆಗೊಯ್ದಿದ್ದ ಪಟ್ಟಿಯ ಮೇಲೆಯೇ ತಿದ್ದಿ ಸಹಿ ಹಾಕಿ ಕಳುಹಿಸಿದ್ದರು.